ಅತಿಥಿ ತಡವಾದರೆ ಅಕ್ಕ

ಬಯಲಲ್ಲಿ ವೇದಿಕೆ ಕಟ್ಟಿ ಕಾರ್ಯಕ್ರಮ ಮಾಡುವವನಿಗೆ ಮೂರು ಶತ್ರುಗಳು: ಕರೆಂಟು, ಮೈಕು ಮತ್ತು ಮುಖ್ಯ ಅತಿಥಿ. ಹೀಗೆಂದು ನಾನು ಎಷ್ಟೋ ಜನರಿಗೆ ಪಾಠ ಹೇಳಿದ್ದೇನೆ. ಬೆಳಗಾವಿಯ ಹಿಂದವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಚಹಾ ಕುಡಿಸಿ, ಕೇಳಲಿ ಬಿಡಲಿ, ಹೇಳಿದ್ದೇನೆ. ನಿವೃತ್ತ ಕನ್ನಡ ಮಾಸ್ತರನಿಗೆ ಕೇಳುವವರು ಸಿಕ್ಕರೆ ಸಾಕು.

ಈ ಹುಚ್ಚು ಹತ್ತಿದ್ದು ಕೋಟೆಯ ಹತ್ತಿರದ ಬಯಲಲ್ಲಿ. ಆಗ ನಮ್ಮ ಸಾಂಸ್ಕೃತಿಕ ಸಂಘ ಹೊಸದು. ಪ್ರಾರ್ಥನೆ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಜನರೇಟರ್ ಇರಲಿಲ್ಲ. ಅತಿಥಿ ಎರಡು ಗಂಟೆ ತಡವಾಗಿ ಬಂದರು. ಅಷ್ಟರಲ್ಲಿ ವೇಷ ಹಾಕಿದ ಮಕ್ಕಳು ಬಣ್ಣ ಬಳಿದುಕೊಂಡೇ ಕುರ್ಚಿಯ ಮೇಲೆ ನಿದ್ದೆ ಹೋಗಿದ್ದವು. ಒಬ್ಬ ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಮುಂದೆಯೇ ಹೊರಟುಹೋದಳು, ಮುಖ ಕೂಡ ನೋಡಲಿಲ್ಲ. ಆ ಅವಮಾನ ನನ್ನ ಮೈಗೆ ಮೆತ್ತಿಕೊಂಡಿತು. ಮರುದಿನವೇ ಒಂದು ಹಾಳೆ ಬರೆದೆ. ಎಡಗಡೆ ‘ಏನಾದರೆ’, ಬಲಗಡೆ ‘ಯಾರು, ಏನು ಮಾಡಬೇಕು’.

ಮುಂದೆ ಪ್ರತಿ ಕಾರ್ಯಕ್ರಮಕ್ಕೂ ಅಂಥದೊಂದು ಹಾಳೆ ತಯಾರಾಗತೊಡಗಿತು. ಕರೆಂಟು ಹೋದರೆ ಜನರೇಟರ್. ಅದು ವೇದಿಕೆಯಿಂದ ದೂರ, ಗಾಳಿ ಬೀಸುವ ದಿಕ್ಕಿಗೆ ಆಚೆ, ಸದ್ದು ಮೈಕಿಗೆ ಬೀಳದ ಹಾಗೆ ಇರಬೇಕು. ಶುರು ಮಾಡಿದ ಕೂಡಲೇ ಭಾರ ಹಾಕಬಾರದು, ಒಂದು ನಿಮಿಷ ಸುಮ್ಮನೆ ಓಡಲಿ, ಆಮೇಲೆ ಬದಲಿ ಸ್ವಿಚ್ಚು ತಿರುಗಿಸಬೇಕು. ಆ ಒಂದು ನಿಮಿಷ ಧ್ವನಿಯ ಮಿಕ್ಸರ್ ಸಾಯದಂತೆ ಅದಕ್ಕೊಂದು ಯುಪಿಎಸ್. ಭಾಷಣಕಾರ ಕತ್ತಲಲ್ಲಿ ಮೆಟ್ಟಿಲು ಇಳಿದು ಕಾಲು ಮುರಿದುಕೊಳ್ಳದಂತೆ ಬ್ಯಾಟರಿ ದೀಪ. ಮಂದಿಗೆ ‘ಕುಂದರ್ರಿ, ಈಗ ಬರ್ತೈತಿ’ ಎಂದು ಹೇಳಲು ಬ್ಯಾಟರಿಯ ಸಣ್ಣ ಸ್ಪೀಕರ್. ಕರೆಂಟು ಮರಳಿ ಬಂದರೂ ಆಸೆಬುರುಕರಂತೆ ಕೂಡಲೇ ಅದಕ್ಕೆ ಹೋಗಬಾರದು. ಎರಡು ಐಟಂಗಳ ನಡುವೆ ಬಿಡುವು ಸಿಕ್ಕಾಗ ಬದಲಿಸಬೇಕು. ವೈರ್‌ಲೆಸ್ ಮೈಕು ಕೈಕೊಟ್ಟರೆ ತಂತಿಯ ಮೈಕು ವೇದಿಕೆಯ ಬಾಜುವಿಗೆ ಜೋಡಿಸಿಯೇ ಇರಬೇಕು, ಪೆಟ್ಟಿಗೆಯೊಳಗೆ ಅಲ್ಲ.

ಅತಿಥಿ ತಡವಾದರೆ ಎಂಬ ಸಾಲಿನ ಮುಂದೆ ಏನು ಬರೆಯಬೇಕು ಅನ್ನುವುದೇ ಕಷ್ಟ. ಅಲ್ಲಿ ಬೇಕಾದದ್ದು ರಬ್ಬರಿನಂಥ ಐಟಂ. ಹತ್ತು ನಿಮಿಷ ಅಂದರೆ ಹತ್ತು, ನಲವತ್ತು ಅಂದರೆ ನಲವತ್ತು. ಅತಿಥಿ ಬಂದರು ಅಂದರೆ ಅಲ್ಲಿಗೇ ನಿಲ್ಲಬೇಕು. ನೃತ್ಯ ಹಾಗೆ ನಿಲ್ಲುವುದಿಲ್ಲ, ನಾಟಕವಂತೂ ಇಲ್ಲವೇ ಇಲ್ಲ. ಸಿಕ್ಕಾಪಟ್ಟೆ ಹುಡುಕಿದ್ದೆ. ಖಾನಾಪುರ ತಾಲೂಕಿನ ಹಲಸಿಯ ಕಾರ್ಯಕ್ರಮದ ಹಾಳೆಯಲ್ಲಿ ಮಾತ್ರ ಆ ಜಾಗಕ್ಕೆ ಮೂರೇ ಮಾತು ಬರೆದು, ಕೆಳಗೆ ಗೆರೆ ಎಳೆದಿದ್ದೆ: ಅತಿಥಿ ತಡವಾದರೆ ಅಕ್ಕ.

ಅಕ್ಕ ಎಂದರೆ ನನ್ನ ಒಡಹುಟ್ಟಿದ ಅಕ್ಕ. ನನಗಿಂತ ಮೂರು ವರ್ಷ ದೊಡ್ಡವಳು. ಬೈಲಹೊಂಗಲದ ಕಡೆಯ ಜೋಳದ ನಾಡಿನಿಂದ ಖಾನಾಪುರದ ಅಕ್ಕಿಯ ನಾಡಿಗೆ ಮದುವೆಯಾಗಿ ಹೋದವಳು. ಅತ್ತೆಮನೆಯ ಓಣಿಯಲ್ಲಿ ಅರ್ಧ ಮಾತು ಮರಾಠಿ, ಅದನ್ನೂ ಕಲಿತಳು. ಓದು ಬರಹ ಮಾತ್ರ ಬರುತ್ತಿರಲಿಲ್ಲ. ತಮ್ಮನನ್ನು ಸಾಲಿಗೆ ಕಳಿಸಲು ಅವಳನ್ನು ಬಿಡಿಸಿದ್ದರು. ಆ ತಮ್ಮ ನಾನೇ.

ನಮ್ಮ ಅವ್ವ ಬೀಸುಕಲ್ಲಿನ ಮುಂದೆ ಒಂದು ಪದ ಹಾಡುತ್ತಿದ್ದಳು. ಅದು ಊರ ಪದವಲ್ಲ, ಅವ್ವ ತಾನೇ ಕಟ್ಟಿದ್ದು. ಒಂದೊಂದು ವರ್ಷ ಒಂದೊಂದು ನುಡಿ ಸೇರಿಸುತ್ತ ಹತ್ತೊಂಬತ್ತು ನುಡಿ ಮಾಡಿದ್ದಳಂತೆ. ನಾನು ಬೀಸುವ ಹೊತ್ತಿಗೆ ಕೌದಿಯೊಳಗೆ ನಿದ್ದೆಯಲ್ಲಿ ಇರುತ್ತಿದ್ದೆ. ಅಕ್ಕ ಎದುರು ಕುಳಿತು ಕಲ್ಲಿನ ಗೂಟಕ್ಕೆ ಕೈ ಕೊಡುತ್ತಿದ್ದಳು. ಹಾಗಾಗಿ ಪದ ಅವಳ ಪಾಲಿಗೆ ಹೋಯಿತು. ಮೊದಲ ನುಡಿಯೊಂದು ಮಾತ್ರ ನನಗೂ ಗೊತ್ತು:

ಕಲ್ಲಿಗಿ ಕೈಕೊಟ್ಟ ಕತ್ತಲಿ ಕಳದೇನ
ಎಲ್ಲಾರು ಮಲಗ್ಯಾರ ಮನಿಯಾಗ, ಜ್ವಾಳವೆ
ನನಕೂಡ ನೀನs ಎಚ್ಚರಿರ

ಅಕ್ಕನ ಗಂಟಲು ಒಡೆದದ್ದು ಮಳೆಗಾಲದಲ್ಲಿ. ಶೀತ ಎಂದು ಕಷಾಯ ಕುಡಿದಳು. ದೀಪಾವಳಿ ಹೊತ್ತಿಗೂ ಕಡಿಮೆಯಾಗದಿದ್ದಾಗ ಬೆಳಗಾವಿಗೆ ಕರೆತಂದು ದೊಡ್ಡ ಡಾಕ್ಟರಿಗೆ ತೋರಿಸಿದೆವು. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ. ಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯಬಹುದು, ದನಿ ಉಳಿಯುವುದಿಲ್ಲ ಎಂದರು. ಅಕ್ಕ ಜೀವದ ಬಗ್ಗೆ ಏನೂ ಕೇಳಲಿಲ್ಲ. ನಮ್ಮ ಮನೆಗೆ ಬಂದು ಗೋಡೆಗೆ ಒರಗಿ ಕುಳಿತು ನನಗೆ ಹೇಳಿದಳು:

“ತಮ್ಮಾ, ಅವ್ವನ ಪದ ನನ್ನ ಬಿಟ್ರ ಯಾರಿಗೂ ಬರಂಗಿಲ್ಲ. ಒಮ್ಮೆ ಮಂದ್ಯಾಗ ಕುಂತು ಪೂರಾ ಹಾಡಿ ಬಿಡ್ತೀನಿ. ಎಷ್ಟ ಕಾರ್ಯಕ್ರಮ ಮಾಡ್ತಿ ನೀ. ನನಗೂ ಒಂದ್ಸಲ ಮೈಕ ಕೊಡು.”

ಮೂವತ್ತು ವರ್ಷ ವೇದಿಕೆ ಕಟ್ಟಿದವನಿಗೆ ಆ ಯೋಚನೆ ಬಂದಿರಲಿಲ್ಲ. ನಾಚಿಕೆಯಾಯಿತು. ಕೂಡಲೇ ಫೋನು ತೆಗೆದು, ಈಗಲೇ ಹಾಡು, ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದೆ. ಅವಳು ಒಂದು ಸಾಲು ಹಾಡಲು ಹೋಗಿ ನಿಲ್ಲಿಸಿದಳು.

“ಸುಮ್ಮ ಕುಂತ್ರ ಬರಂಗಿಲ್ಲೋ. ಕೈ ತಿರುಗಿದ್ರ ಬಾಯಿಗೆ ಬರ್ತೈತಿ. ಬೀಸುಕಲ್ಲ ಬೇಕು, ಕಾಳ ಬೇಕು. ಬರೇ ಕಲ್ಲ ತಿರುಗಿಸಬಾರದು.”

ಆಗಲೇ ಎಲ್ಲಿಂದಲಾದರೂ ಒಂದು ಬೀಸುಕಲ್ಲು ತಂದು ಇಟ್ಟಿದ್ದರೆ ಆಗುತ್ತಿತ್ತು. ಆದರೆ ಹಲಸಿಯ ಶಾಲೆಯ ಮೈದಾನದಲ್ಲಿ ನಮ್ಮ ಸಂಘದ ಜನಪದ ಸಂಜೆ ಆಗಲೇ ನಿಶ್ಚಯವಾಗಿತ್ತು. ರವಿವಾರ ಕಾರ್ಯಕ್ರಮ, ಬುಧವಾರ ಆಪರೇಷನ್. ವೇದಿಕೆಯ ಮೇಲೆ ಒಳ್ಳೆಯ ಮೈಕು ಇರುತ್ತದೆ, ಸೌಂಡಿನವರು ಮಿಕ್ಸರಿನಿಂದಲೇ ಚೊಕ್ಕವಾಗಿ ರೆಕಾರ್ಡ್ ಮಾಡುತ್ತಾರೆ, ಫೋನಿನಲ್ಲಿ ಯಾಕೆ ಎಂದುಕೊಂಡೆ. ಜಾಣತನ ನನ್ನದು! ಭಾಷಣಗಳು ಮುಗಿದ ಮೇಲೆ ಅಕ್ಕನಿಗೆ ಇಪ್ಪತ್ತೈದು ನಿಮಿಷ ಎಂದು ಆಮಂತ್ರಣದಲ್ಲಿ ಹಾಕಿಸಿದೆ.

ಹಾಡಿಗೆ ಎಷ್ಟು ಹೊತ್ತು ಬೇಕು ಎಂದು ಕೇಳಿದಾಗ ಅವಳು “ಮರದಾಗಿನ ಜ್ವಾಳ ಮುಗಿಯೂತನಕ” ಅಂದಿದ್ದಳು, ಮೊರದಲ್ಲಿನ ಜೋಳ ತೀರುವವರೆಗೆ. ಆ ಮಾತೇ ನನ್ನ ತಲೆ ಕೆಡಿಸಿತು. ಜೋಳ ಹೆಚ್ಚು ಹಾಕಿದರೆ ಹಾಡು ಉದ್ದ, ಕಡಿಮೆ ಹಾಕಿದರೆ ಗಿಡ್ಡ. ನಾನು ವರ್ಷಗಟ್ಟಲೆ ಹುಡುಕುತ್ತಿದ್ದ ರಬ್ಬರಿನ ಐಟಂ ನಮ್ಮ ಮನೆಯಲ್ಲೇ ಇತ್ತು. ಆಮಂತ್ರಣದಲ್ಲಿ ಇದ್ದ ಜಾಗದಲ್ಲಿ ಅವಳು ಇರಲಿ. ಅತಿಥಿ ತಡವಾದರೆ ಮೊದಲೇ ಕೂರಿಸಿ ನಾಲ್ಕು ನುಡಿ ಹಾಡಿಸೋಣ, ಅವರು ಬಂದ ಮೇಲೆ ನಿಲ್ಲಿಸಿ, ಭಾಷಣ ಮುಗಿದ ಮೇಲೆ ಮತ್ತೆ ಮೊದಲಿನಿಂದ ಪೂರ್ತಿ. ಫೋನಿನಲ್ಲಿ ಕೇಳಿದರೆ “ನೀ ಹೆಂಗ ಹೇಳ್ತಿ ಹಂಗ” ಎಂದಳು. ಒಪ್ಪಿದಳು ಎಂದೇ ಬರೆದುಕೊಂಡೆ.

ಶುಕ್ರವಾರದಿಂದ ಅಕ್ಕ ಮಾತು ಬಿಟ್ಟಳು. ದನಿ ಉಳಿಸಿಕೊಳ್ಳಲು. ಬಿಸಿನೀರು, ಗಂಜಿ, ಕೈಸನ್ನೆ ಅಷ್ಟೇ ಎಂದು ಅವಳ ಮಗಳು ಹೇಳುತ್ತಿದ್ದಳು. ಹೀಗೆ ಕಾಪಾಡಿಕೊಂಡರೆ ಒಂದು ಅರ್ಧ ತಾಸಿನಷ್ಟು ಸ್ವರ ಬರುತ್ತಿತ್ತು; ಆಮೇಲೆ, ಇಲ್ಲವೇ ನಡುವೆ ನಿಲ್ಲಿಸಿದರೆ, ಬರೀ ಗಾಳಿ. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಸೇದಿಹೋಗಲಿ.

ರವಿವಾರ ಮಧ್ಯಾಹ್ನವೇ ಹಲಸಿಗೆ ಹೋದೆವು. ಅಕ್ಕನ ಮನೆಯ ಅಟ್ಟದ ಮೇಲಿದ್ದ ಬೀಸುಕಲ್ಲನ್ನು ಗಾಡಿಯಲ್ಲಿ ತಂದಿದ್ದೆವು. ಸೌಂಡಿನವರು, ಬೆಳಗಾವಿಯವರೇ, ನನ್ನ ಜೊತೆ ಎಷ್ಟೋ ವರ್ಷ ದುಡಿದವರು, ಕಲ್ಲಿನ ಗುಡುಗುಡು ವೇದಿಕೆಯ ಹಲಗೆಯ ಮೂಲಕ ಮೈಕಿಗೆ ಹತ್ತಬಾರದೆಂದು ಕೆಳಗೆ ಎರಡು ಮಡಿಕೆ ಗೋಣಿತಟ್ಟು ಹಾಸಿದರು. ಅಕ್ಕನ ಬಾಯಿಗೊಂದು ಗಿಡ್ಡ ಸ್ಟ್ಯಾಂಡಿನ ಮೈಕು, ಕಲ್ಲಿಗೊಂದು. ತಾಲೀಮಿಗೆ ನಾಲ್ಕು ಮಾತು ಆಡಲು ಕೇಳಿದಾಗ ಅಕ್ಕ ಬೇಡವೆಂದು ತಲೆಯಾಡಿಸಿದಳು. ಅವರು ಅವಳ ಬದಲು ತಾವೇ ಎಣಿಸಿ ಮೈಕು ಹದ ಮಾಡಿಕೊಂಡರು.

ಐದೂವರೆಗೆ ಶುರು. ಅತಿಥಿಗಳು ಬೆಳಗಾವಿಯ ಒಬ್ಬ ನಿವೃತ್ತ ಪ್ರಾಧ್ಯಾಪಕರು, ಜನಪದ ಹಾಡುಗಳ ಬಗ್ಗೆ ತಿಳಿದವರು. ಖಾನಾಪುರದಲ್ಲಿ ಒಬ್ಬರನ್ನು, ನಂದಗಡದಲ್ಲಿ ಇನ್ನೊಬ್ಬರನ್ನು ಫೋನು ಕೊಟ್ಟು ನಿಲ್ಲಿಸಿದ್ದೆ. ಮೈದಾನದ ಗೇಟಿನಲ್ಲಿ ನಮ್ಮ ಚಿತ್ರಕಲೆಯ ಮಾಸ್ತರು. ಗಾಡಿ ದಾಟಿದಂತೆ ಒಬ್ಬೊಬ್ಬರೂ ತಿಳಿಸಬೇಕು. ಮಕ್ಕಳ ಕೋಲಾಟ ನಡೆದಾಗ ವೈರ್‌ಲೆಸ್ ಮೈಕು ಗೊರಗೊರ ಎಂದು ಸತ್ತಿತು. ಬಾಜುವಿನ ತಂತಿಯ ಮೈಕು ಕೈಗೆ ಬಂತು, ಕೋಲಾಟದ ಒಂದು ಹೆಜ್ಜೆಯೂ ತಪ್ಪಲಿಲ್ಲ. ನಾನು ಹಾಳೆಯ ಆ ಸಾಲಿಗೆ ಗುರುತು ಹಾಕಿದೆ. ಒಳಗೊಳಗೆ ಹಿಗ್ಗಿದೆ ಕೂಡ, ಸುಳ್ಳು ಯಾಕೆ ಹೇಳಲಿ.

ಕೋಲಾಟ ಮುಗಿದರೂ ಖಾನಾಪುರದ ಫೋನು ಬರಲಿಲ್ಲ. ಅತಿಥಿಗಳು ಬೆಳಗಾವಿಯಲ್ಲೇ ಇನ್ನೊಂದು ಸಭೆಯಲ್ಲಿ ಸಿಕ್ಕಿಬಿದ್ದು ತಡವಾಗಿ ಹೊರಟಿದ್ದರು. ಸೋಬಾನದ ತಂಡ ಹಾಡಿತು. ಗೀಗೀ ಮೇಳದವರು ಇನ್ನೂ ಬಣ್ಣದ ಪಟಕಾ ಸುತ್ತುತ್ತಿದ್ದರು. ಆರೂವರೆಗೆ ಖಾನಾಪುರದಿಂದ ಫೋನು ಬಂತು, ಗಾಡಿ ಈಗ ದಾಟಿತು. ಅಂದರೆ ಇನ್ನೂ ಅರ್ಧ ತಾಸಿನ ಮೇಲೆ. ಮಂದಿ ಎದ್ದು ಬಟ್ಟೆ ಝಾಡಿಸಿಕೊಳ್ಳತೊಡಗಿದರು. ನಾನು ಅಕ್ಕನ ಹತ್ತಿರ ಹೋದೆ.

“ಅಕ್ಕಾ, ಈಗ ಒಂದ ನಾಕ ನುಡಿ ಹಾಡು. ಆಮ್ಯಾಲ ಪೂರಾ ಐತಿ.”

ಅವಳು ನನ್ನನ್ನು ನೋಡಿದಳು. ಎರಡು ದಿನದ ಮೇಲೆ ಮೊದಲ ಮಾತು ಆಡಿದಳು. “ಈಗ ಶುರು ಮಾಡಿದ್ರ ಈಗs ಮುಗಸ್ತೀನಿ. ಎರಡ್ಸಲ ಆಗಂಗಿಲ್ಲ.”

“ಆಗ್ತೈತಿ, ಬಾ” ಎಂದೆ. ಅರ್ಧ ತಾಸು ಇದೆಯಲ್ಲ, ಹಾಡು ಮುಗಿದೇ ಹೋಗಬಹುದು ಎಂಬ ಲೆಕ್ಕವೂ ತಲೆಯಲ್ಲಿತ್ತು. ಆದರೆ ವೇದಿಕೆಯ ಮೇಲೆ ಕಲ್ಲು ಎತ್ತಿಡುವುದು, ಮೈಕು ಹೊಂದಿಸುವುದು, ನಾನು ಅಕ್ಕನನ್ನು ಪರಿಚಯಿಸುವುದು ಇವಕ್ಕೇ ಹೊತ್ತು ಹೋಯಿತು. ಪರಿಚಯಕ್ಕೆ ನಾನೊಬ್ಬನೇ ಹತ್ತು ನಿಮಿಷ ತಿಂದೆ. ಅವ್ವ, ಜೋಳ, ಬೆವರು, ಸಂಸ್ಕೃತಿ ಎಂದು ಏನೇನೋ ಹೇಳಿದೆ. ಆ ಹತ್ತು ನಿಮಿಷದಲ್ಲಿ ಎಷ್ಟು ನುಡಿ ಆಗುತ್ತಿದ್ದವು ಎಂದು ಈಗ ಎಣಿಸುತ್ತೇನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಅದು ನನ್ನ ಕತೆ.

ಅಕ್ಕ ಕಲ್ಲಿಗೆ ನಮಸ್ಕಾರ ಮಾಡಿದಳು. ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕಿ ಕಣ್ಣು ಮುಚ್ಚಿದಳು. ಗೂಟ ಎರಡು ಸುತ್ತು ತಿರುಗಿದ ಮೇಲೆ ದನಿ ಬಂತು. ಒಡಕು ದನಿಯೇ, ಆದರೆ ಬಂತು. ಎದ್ದು ನಿಂತವರು ಕುಳಿತರು. ಮುಂದಿನ ಸಾಲಿನಲ್ಲಿದ್ದ ಹೆಂಗಸರು ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ಅವರಲ್ಲಿ ಮರಾಠಿ ಮನೆಮಾತಿನವರೂ ಇದ್ದರು. ಅವರಿಗೆ ಮಾತು ಹೊಸದಾದರೂ ಕಲ್ಲು ಹಳೆಯದೇ. ಮೊದಲ ನುಡಿ ಮುಗಿಯಿತು. ಎರಡನೆಯದು ಅಕ್ಕನ ಬಗ್ಗೆಯೇ ಇತ್ತು, ಹಿರಿಮಗಳು ಎದುರಿಗೆ ಕುಳಿತು ಕೈ ಕೊಟ್ಟಳು ಎಂದು. ಅದು ನನಗೆ ಗೊತ್ತೇ ಇರಲಿಲ್ಲ.

ನಂದಗಡದಿಂದ ಬರಬೇಕಾದ ಫೋನು ಬರಲಿಲ್ಲ. ಅಲ್ಲಿ ನಿಂತವರಿಗೆ ಗಾಡಿ ದಾಟಿದ್ದೇ ಕಂಡಿರಲಿಲ್ಲ. ನೇರ ಗೇಟಿನಿಂದಲೇ ಫೋನು ಬಂತು. “ಗಾಡಿ ಬಂತ್ರೀ ಸರ” ಎಂದರು ಚಿತ್ರಕಲೆಯ ಮಾಸ್ತರು.

ನಾನು ವೇದಿಕೆಯ ಬಾಜುವಿಗೆ ಹೋಗಿ ಕೈ ಎತ್ತಿದೆ. ನಿಲ್ಲಿಸಲು ಅದೇ ಗುರುತು. ಅಕ್ಕನ ಕಣ್ಣು ಮುಚ್ಚಿದ್ದವು. ಮೂರನೆಯ ನುಡಿಯ ಮೊದಲ ಸಾಲು ನಡೆದಿತ್ತು. ನನ್ನ ಕೈಯಲ್ಲಿ ಮೈಕು ಇತ್ತು. ಬಾಯಿ ತಾನೇ ತೆರೆದುಕೊಂಡಿತು: “ಇದೀಗ ನಮ್ಮೆಲ್ಲರ ಮಾನ್ಯ ಮುಖ್ಯ ಅತಿಥಿಗಳು ಆಗಮಿಸಿದ್ದಾರೆ. ಎಲ್ಲರೂ ಜೋರಾದ ಚಪ್ಪಾಳೆಯೊಂದಿಗೆ...” ಹಾಳೆಯಲ್ಲಿ ಬರೆದಂತೆ ಸೌಂಡಿನವರು ಅಕ್ಕನ ಮೈಕು ಇಳಿಸಿದರು. ಅವಳು ಇನ್ನೂ ಅರ್ಧ ಸಾಲು ಬರಿಬಾಯಲ್ಲಿ ಹಾಡಿ, ಚಪ್ಪಾಳೆಯ ಸದ್ದಿಗೆ ಕಣ್ಣು ತೆರೆದಳು.

ಕಲ್ಲು ಸರಿಸಲು ಇಬ್ಬರು ಬಂದಾಗ ಅವಳು ಗೂಟ ಬಿಡಲಿಲ್ಲ. “ಕಲ್ಲಿನ ಬಾಯಾಗ ಕಾಳ ಐತಲ್ಲೋ ತಮ್ಮಾ” ಎಂದಳು. ಹಾಕಿದ ಹಿಡಿ ಬೀಸದೆ ಏಳಬಾರದು ಎಂಬುದು ಅವ್ವನ ಕಾಲದ ನಿಯಮ. “ಇರ್ಲಿ ಬಿಡಕ್ಕ, ಆಮ್ಯಾಲ ಬೀಸಿದ್ರಾತು” ಎಂದು ನಾನೇ ಅವಳ ತೋಳು ಹಿಡಿದು ಎಬ್ಬಿಸಿದೆ.

ಮುಂದಿನದೆಲ್ಲ ಗಡಿಯಾರದಂತೆ ನಡೆಯಿತು. ದೀಪ ಬೆಳಗಿಸಿದರು. ಅಧ್ಯಕ್ಷರು ಮಾತಾಡಿದರು. ಅತಿಥಿಗಳು ಮಾತಾಡುತ್ತಿದ್ದಾಗ ಊರಿನ ಕರೆಂಟು ಹೋಯಿತು. ಯುಪಿಎಸ್ ಮೇಲಿದ್ದ ಮಿಕ್ಸರ್ ಬದುಕಿತ್ತು, ಮೆಟ್ಟಿಲ ದೀಪ ಹತ್ತಿತು, ನಾನು ಸಣ್ಣ ಸ್ಪೀಕರಿನಲ್ಲಿ ಎರಡು ತಮಾಷೆಯ ಮಾತಾಡಿ ಮಂದಿಯನ್ನು ನಗಿಸಿದೆ, ಒಂದೂವರೆ ನಿಮಿಷಕ್ಕೆ ಜನರೇಟರಿನ ಬೆಳಕು ಬಂತು. ಇಂಥ ವ್ಯವಸ್ಥೆ ತಾವು ಎಲ್ಲೂ ನೋಡಿಲ್ಲ ಎಂದು ಅತಿಥಿಗಳು ಹೊಗಳಿದರು. ನಾನು ಕೈಮುಗಿದೆ.

ಅಕ್ಕ ಆಗ ವೇದಿಕೆಯ ಹಿಂದೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಬಯಲ ಥಂಡಿಯಲ್ಲಿ ಕುಳಿತಿದ್ದಳು. ಮುಕ್ಕಾಲು ತಾಸು. ಅವಳ ಮಗಳು ಥರ್ಮಾಸಿನ ನೀರು ಕುಡಿಸುತ್ತಲೇ ಇದ್ದಳು.

ಮತ್ತೆ ಕರೆದಾಗ ಬಂದಳು. ಕುಳಿತಳು, ನಮಸ್ಕಾರ ಮಾಡಿದಳು, ಗೂಟ ತಿರುಗಿಸಿದಳು, ಬಾಯಿ ತೆರೆದಳು. ದನಿ ಬರಲಿಲ್ಲ. ಉಸಿರು ಬಂತು. ಮತ್ತೆ ಪ್ರಯತ್ನಿಸಿದಳು, ಮತ್ತೆ ಉಸಿರೇ. ಸೌಂಡಿನವರು ಮೈಕನ್ನು ಏರಿಸಿದರು, ಇನ್ನೂ ಏರಿಸಿದರು, ಸ್ಪೀಕರ್ ಕುಯ್ ಎಂದು ಸೀಟಿ ಹೊಡೆಯಿತು. ಅವರು ಇಳಿಸಿ ನನ್ನತ್ತ ನೋಡಿದರು. ನಾನು ಹಾಳೆ ನೋಡಿದೆ. ನಿಜವಾಗಿಯೂ ನೋಡಿದೆ. ಕರೆಂಟಿಗೆ ಬದಲಿ ಇತ್ತು, ಮೈಕಿಗೆ ಬದಲಿ ಇತ್ತು, ಅತಿಥಿಗೆ ಬದಲಿ ಅಕ್ಕ ಇದ್ದಳು. ಅಕ್ಕನಿಗೆ ಬದಲಿ ಬರೆದಿರಲಿಲ್ಲ.

ಅವಳು ಹಾಡದೆಯೇ ಮೊರದ ಜೋಳವನ್ನೆಲ್ಲ ಬೀಸಿದಳು. ಮಂದಿ ಸುಮ್ಮನೆ ಕುಳಿತು ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಉಳಿದವರು ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ವಂದನಾರ್ಪಣೆ ಎಂಟೂವರೆಗೆ ಸರಿಯಾಗಿ ಮುಗಿಯಿತು.

ಸೋಮವಾರ, ಮಂಗಳವಾರ ಕಾದೆವು. ಕಲ್ಲು, ಕಾಳು, ಫೋನು ಎಲ್ಲ ಅವಳ ಮುಂದೆ ಇಟ್ಟುಕೊಂಡು ಕಾದೆವು. ದನಿ ಮರಳಲಿಲ್ಲ. ಬುಧವಾರ ಪೆಟ್ಟಿಗೆ ತೆಗೆದರು.

ವಾರದ ಮೇಲೆ ಅತಿಥಿಗಳಿಗೆ ಕೃತಜ್ಞತೆ ಹೇಳಲು ಫೋನು ಮಾಡಿದೆ. ಅವರು ಅದನ್ನು ಇದನ್ನು ಮಾತಾಡಿ, ಕಡೆಗೆ ಕೇಳಿದರು: “ಅಲ್ರೀ, ನಾ ಬಂದಾಗ ಒಂದ ಬೀಸೂ ಪದಾ ನಡದಿತ್ತಲ್ಲ. ಅದನ್ನ ಕೇಳಾಕ ಗೇಟಿನಾಗs ಗಾಡಿ ನಿಂದರಿಸಿ, ಕಿಡಕಿ ಕಾಜ ಇಳಿಸಿ ಕುಂತಿದ್ದೆ. ಮುಗಿಲಿ, ಆಮ್ಯಾಲ ಇಳಿದ್ರಾತು ಅಂತ. ನಡುವs ಯಾಕ ನಿಲ್ಲಿಸಿದ್ರಿ?”

ಏನೋ ಉತ್ತರ ಕೊಟ್ಟೆ. ಫೋನು ಇಟ್ಟೆ. ಅತಿಥಿಯ ಮೇಲೆ ಸಿಟ್ಟು ಮಾಡಿಕೊಂಡು ಬದುಕಬಹುದಿತ್ತು. ಅದೂ ಹೋಯಿತು.

ಸೌಂಡಿನವರ ರೆಕಾರ್ಡಿನಲ್ಲಿ ಎರಡು ನುಡಿ ಇವೆ, ಮೂರನೆಯದರ ತುಂಡಿನ ಮೇಲೆ ನನ್ನ ಗಂಟಲು ಇದೆ. ಅಕ್ಕನ ಮಗಳಿಗೆ ಅಜ್ಜಿಮನೆಯ ಪದ ಬರುವುದಿಲ್ಲ; ಅವಳು ಹುಟ್ಟುವ ಹೊತ್ತಿಗೆ ಹಿಟ್ಟಿನ ಗಿರಣಿ ಬಂದು ಕಲ್ಲು ಅಟ್ಟ ಸೇರಿತ್ತು. ಕುತ್ತಿಗೆಯ ಗಾಯ ಮಾಯ್ದ ಮೇಲೆ ಬೇರೆ ರೀತಿಯಲ್ಲಿ ಮಾತು ಕಲಿಸುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರು. ಅದನ್ನು ಕಲಿಯುವಷ್ಟು ದಿನ ಅಕ್ಕ ಉಳಿಯಲಿಲ್ಲ.

ಹೋಗುವ ಮೊದಲಿನ ಒಂದು ಮಧ್ಯಾಹ್ನ ಖಾನಾಪುರಕ್ಕೆ ಹೋಗಿ ಅವಳ ಹಾಸಿಗೆಯ ಪಕ್ಕ ಕುಳಿತು, ಅತಿಥಿಗಳು ಹೇಳಿದ್ದನ್ನು ಹೇಳಿಬಿಟ್ಟೆ. ಬೈಯಲಿ ಎಂದು. ಬೈಯಲು ದನಿ ಎಲ್ಲಿದೆ? ಅವಳು ಎರಡು ಬೆರಳು ತೋರಿಸಿದಳು: ಎರಡೇ ನುಡಿ ಕೇಳಿದರೋ? ಹೂಂ ಎಂದೆ. ಕೈಯನ್ನು ಗುಂಡಗೆ ತಿರುಗಿಸಿದಳು, ಎರಡೂ ಕೈಯ ಬೆರಳು ಬಿಡಿಸುತ್ತ ಹೋಗಿ ಕಡೆಯ ಬೆರಳು ನನ್ನ ಎದೆಗೆ ಮುಟ್ಟಿಸಿದಳು. ನನಗೆ ತಿಳಿಯಲಿಲ್ಲ. ಹಿಂದೆ ನಿಂತಿದ್ದ ಮಗಳು ಹೇಳಿದಳು:

“ಮಾಮಾ, ಕಡೀ ನುಡಿ ನಿನ್ನ ಮ್ಯಾಲ ಕಟ್ಟ್ಯಾಳಂತ ಅಜ್ಜಿ.”

ಅಕ್ಕ ಕೈ ತಿರುಗಿಸುತ್ತಲೇ ಆ ನುಡಿ ಹೇಳಿದಳು. ತುಟಿ ಆಡಿದವು, ಆಪರೇಷನ್ನಿನಲ್ಲಿ ಕುತ್ತಿಗೆಗೆ ಮಾಡಿದ್ದ ತೂತಿನಲ್ಲಿ ಉಸಿರಾಡಿತು, ಸದ್ದಿಲ್ಲ. ನಾನು ಬಾಗಿ ಅವಳ ತುಟಿಯನ್ನೇ ನೋಡಿದೆ. ಅವಳು ಮತ್ತೆ ಹೇಳಿದಳು, ಈ ಸಲ ನಿಧಾನವಾಗಿ, ಸಣ್ಣವನಿಗೆ ಮಗ್ಗಿ ಹೇಳಿಕೊಡುವಂತೆ. ಮೂರನೆಯ ಸಲ ಹೇಳಿ, ತಿಳಿಯಿತೇ ಎಂದು ಹುಬ್ಬು ಏರಿಸಿದಳು.

“ತಿಳೀತು ಅಕ್ಕಾ” ಎಂದೆ. ಅವಳು ನಕ್ಕು, ಕೈ ನಿಲ್ಲಿಸಿ, ಕಣ್ಣು ಮುಚ್ಚಿ ದಿಂಬಿಗೆ ಒರಗಿದಳು. ನನಗೆ ಒಂದು ಅಕ್ಷರವೂ ತಿಳಿದಿರಲಿಲ್ಲ.